ಜಾಹೀರಾತಿನಲ್ಲಿ ಒಂದು ಕವರ್ ಡ್ರೈವ್

ಚೆಂಡು ಬ್ಯಾಟಿಗೆ ತಗುಲಿ ಬಿಟ್ಟುಹೋಗಲು ಹೆಚ್ಚುಕಡಿಮೆ ಒಂದು ಸೆಕೆಂಡಿನ ಸಾವಿರದ ಒಂದು ಪಾಲು ಸಾಕು. ಕ್ರೀಡಾ ಸಾಮಗ್ರಿಯ ಜಾಹೀರಾತುಗಳು ಮತ್ತೆ ಮತ್ತೆ ತೋರಿಸುವುದು ಅದೇ ಗಳಿಗೆಯನ್ನು. ಕೆಂಪು ಚೆಂಡು ಬ್ಯಾಟಿನ ಮುಖದಿಂದ ಆಗಷ್ಟೇ ಬೇರ್ಪಟ್ಟಿದೆ, ಅದರ ಹೊಲಿಗೆಯ ಒಂದೊಂದು ದಾರವೂ ಕಾಣುತ್ತಿದೆ, ದಾಂಡಿಗನ ಕಣ್ಣು ಚೆಂಡಿನ ಮೇಲಿದೆ, ಮುಂದೆ ಬೆಳಗಿನ ಬಿಸಿಲಿಗೆ ಹುಲ್ಲಿನ ಎಸಳು ಎಸಳೂ ಮಿನುಗುತ್ತಿದೆ. ಪಂದ್ಯದಲ್ಲಿ ಯಾರೋ ಅದೃಷ್ಟವಂತ ಛಾಯಾಗ್ರಾಹಕನಿಗೆ ಸಿಕ್ಕ ಚಿತ್ರ ಇದು ಎಂದು ಓದುಗ ನಂಬುತ್ತಾನೆ. ಇಂಥ ಚಿತ್ರ ಪಂದ್ಯದಲ್ಲಿ ಸಿಗುವುದು ತೀರಾ ಅಪರೂಪ. ಅದನ್ನು ಕಟ್ಟಬೇಕಾಗುತ್ತದೆ. ಕಟ್ಟುವವರಿಗೆ ಬೆಳಕಿನ ಲೆಕ್ಕ ಎಷ್ಟು ಗೊತ್ತಿರಬೇಕೋ ಕ್ರಿಕೆಟ್ಟೂ ಅಷ್ಟೇ ಗೊತ್ತಿರಬೇಕು.

ಪಂದ್ಯದಲ್ಲಿ ಏಕೆ ಸಿಗುವುದಿಲ್ಲ ಎಂಬುದನ್ನು ಮೊದಲು ನೋಡೋಣ. ಗಂಟೆಗೆ 140 ಕಿ.ಮೀ. ವೇಗದ ಎಸೆತ ಒಂದು ಸೆಕೆಂಡಿಗೆ ಸುಮಾರು 39 ಮೀಟರ್ ಸಾಗುತ್ತದೆ. ಕ್ಯಾಮೆರಾದ ಶಟರ್ ಸೆಕೆಂಡಿನ ಸಾವಿರದ ಒಂದು ಪಾಲು ಮಾತ್ರ ತೆರೆದು ಮುಚ್ಚಿದರೂ ಅಷ್ಟರಲ್ಲಿ ಚೆಂಡು ನಾಲ್ಕು ಸೆಂಟಿಮೀಟರ್ ಸರಿದಿರುತ್ತದೆ. ಚೆಂಡಿನ ಅಡ್ಡಳತೆಯೇ ಏಳು ಸೆಂಟಿಮೀಟರ್ ಚಿಲ್ಲರೆ. ಚಿತ್ರದಲ್ಲಿ ಕಾಣುವುದು ಚೆಂಡಲ್ಲ, ಕೆಂಪು ಗೆರೆ. ಶಟರನ್ನು ನಾಲ್ಕು ಸಾವಿರದ ಒಂದು ಪಾಲಿಗೆ ಇಳಿಸಿದರೆ ಕದಲಿಕೆ ಒಂದು ಸೆಂಟಿಮೀಟರಿಗೆ ಬರುತ್ತದೆ. ಪತ್ರಿಕೆಯ ಸುದ್ದಿಪುಟಕ್ಕೆ ಇಷ್ಟಾದರೆ ಆಯಿತು. ಹೊಲಿಗೆ ಎಣಿಸುವಂತಿರಬೇಕಾದ ಜಾಹೀರಾತಿಗೆ ಇದು ಸಾಲದು.

ಸಮಯದ ತೊಡಕು ಇದಕ್ಕಿಂತ ದೊಡ್ಡದು. ಸೆಕೆಂಡಿಗೆ 20 ಚಿತ್ರ ತೆಗೆಯುವ ಕ್ಯಾಮೆರಾ ಕೈಯಲ್ಲಿದ್ದರೂ ಒಂದು ಚಿತ್ರಕ್ಕೂ ಮುಂದಿನದಕ್ಕೂ ನಡುವೆ ಚೆಂಡು ಸುಮಾರು ಎರಡು ಮೀಟರ್ ಓಡಿರುತ್ತದೆ. ಒಂದರಲ್ಲಿ ಚೆಂಡು ಇನ್ನೂ ಬರುತ್ತಿರುತ್ತದೆ, ಇನ್ನೊಂದರಲ್ಲಿ ಚೌಕಟ್ಟಿನಾಚೆಗೇ ಹೋಗಿರುತ್ತದೆ. ತಗುಲಿದ ಗಳಿಗೆ ಎರಡರ ನಡುವೆ ಜಾರಿಹೋಗುತ್ತದೆ.

ಮೊಬೈಲಿನಲ್ಲಿ ತೆಗೆಯಲು ಹೋದವರಿಗೆ ಇನ್ನೊಂದು ವಿಚಿತ್ರ ಎದುರಾಗುತ್ತದೆ. ನೇರವಾದ ಬ್ಯಾಟು ಚಿತ್ರದಲ್ಲಿ ಬಾಗಿದಂತೆ ಬರುತ್ತದೆ. ಮೊಬೈಲಿನ ಸಂವೇದಕ ಇಡೀ ಚಿತ್ರವನ್ನು ಒಟ್ಟಿಗೇ ಓದುವುದಿಲ್ಲ, ಸಾಲು ಸಾಲಾಗಿ ಓದುತ್ತದೆ. ಮೇಲಿನ ಸಾಲು ಓದಿದಾಗ ಹಿಡಿಕೆ ಒಂದು ಕಡೆ ಇತ್ತು, ಕೆಳಗಿನ ಸಾಲಿಗೆ ಬರುವಷ್ಟರಲ್ಲಿ ಬ್ಯಾಟಿನ ತುದಿ ಬೇರೆ ಕಡೆಗೆ ಹೋಗಿದೆ. ದೊಡ್ಡ ಕ್ಯಾಮೆರಾಗಳಲ್ಲಿಯೂ ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್ ಬಳಸಿದರೆ ಇದೇ ಆಗಬಹುದು. ಬ್ಯಾಟು ಮಾರಲೆಂದು ಮಾಡುವ ಚಿತ್ರದಲ್ಲಿ ಬ್ಯಾಟೇ ಸೊಟ್ಟಗಾದರೆ ಮಾಡಿದ್ದೆಲ್ಲ ವ್ಯರ್ಥ.

ದಾರಿ ಎರಡಿವೆ. ಒಂದು, ಬ್ಯಾಟು ತಾನಾಗಿಯೇ ನಿಂತಿರುವ ಗಳಿಗೆಯನ್ನು ಆರಿಸಿಕೊಳ್ಳುವುದು. ಹಿಂದಕ್ಕೆ ಎತ್ತಿದ ಬ್ಯಾಟು ಕೆಳಗಿಳಿಯುವ ಮುನ್ನ ಮೇಲಿನ ತುದಿಯಲ್ಲಿ ಒಂದು ಕ್ಷಣ ನಿಲ್ಲುತ್ತದೆ. ಅಲ್ಲಿ ಸಾಧಾರಣ ಶಟರ್ ವೇಗವೂ ಸಾಕು. ಇಂಗ್ಲೆಂಡಿನ ಜಾರ್ಜ್ ಬೆಲ್ಡಮ್ ತೆಗೆದ ವಿಕ್ಟರ್ ಟ್ರಂಪರ್ ಚಿತ್ರ ನೀವು ನೋಡಿರಬಹುದು. ಆಸ್ಟ್ರೇಲಿಯಾದ ಆ ದಾಂಡಿಗ ಕ್ರೀಸಿನಿಂದ ಮುಂದಕ್ಕೆ ನುಗ್ಗುತ್ತಿದ್ದಾನೆ, ಮುಂಗಾಲು ಗಾಳಿಯಲ್ಲಿದೆ, ಬ್ಯಾಟು ಬೆನ್ನ ಹಿಂದೆ ಎತ್ತರದಲ್ಲಿದೆ. ಬೆಲ್ಡಮ್ ಸ್ವತಃ ಮಿಡ್ಲ್‌ಸೆಕ್ಸ್ ಪರ ಆಡಿದವನು. ಸಿ.ಬಿ. ಫ್ರೈ ಜೊತೆಗೂಡಿ 1905ರಲ್ಲಿ ಅವನು ಹೊರತಂದ ಪುಸ್ತಕ ಇಂಥ ಚಿತ್ರಗಳಿಂದಲೇ ತುಂಬಿದೆ. ಯಾವ ಗಳಿಗೆಯಲ್ಲಿ ದೇಹದ ಬಲವೆಲ್ಲ ಒಂದೆಡೆ ಸೇರಿ ಬ್ಯಾಟು ಮಾತ್ರ ತಡೆದು ನಿಂತಿರುತ್ತದೆ ಎಂಬುದು ಆಟಗಾರನಾದ ಅವನಿಗೆ ಗೊತ್ತಿತ್ತು. ಚೆಂಡೇ ಕಾಣದಿದ್ದರೂ ಆ ಚಿತ್ರದಲ್ಲಿ ಹೊಡೆತ ಕಾಣುತ್ತದೆ. ಇಂದಿನ ಜಾಹೀರಾತುಗಳಲ್ಲಿ ಇಂಥ ಚಿತ್ರಗಳು ಇನ್ನೂ ಹೆಚ್ಚಾಗಿ ಬರಬೇಕಿತ್ತು ಎಂದು ನನಗೆ ಅನಿಸುತ್ತದೆ.

ಎರಡನೆಯ ದಾರಿ ಬ್ಯಾಟು ತಯಾರಕರಿಗೆ ಪ್ರಿಯವಾದದ್ದು. ಅವರಿಗೆ ಚೆಂಡೂ ಬೇಕು, ಹೊಡೆತವೂ ಬೇಕು. ಇಲ್ಲಿ ಕೆಲಸ ಮಾಡುವುದು ಶಟರ್ ಅಲ್ಲ, ಫ್ಲ್ಯಾಶ್. ಅಮೆರಿಕದ ಎಂಐಟಿಯಲ್ಲಿ ಎಂಜಿನಿಯರಿಂಗ್ ಕಲಿಸುತ್ತಿದ್ದ ಹೆರಾಲ್ಡ್ ಎಡ್ಜರ್ಟನ್ 1930ರ ದಶಕದಲ್ಲಿ ಇದನ್ನು ತೋರಿಸಿಕೊಟ್ಟರು. ಕತ್ತಲ ಕೋಣೆಯಲ್ಲಿ ಶಟರ್ ತೆರೆದಿಟ್ಟು ಬೆಳಕನ್ನು ಮಾತ್ರ ಕ್ಷಣಾರ್ಧಕ್ಕಿಂತ ಎಷ್ಟೋ ಚಿಕ್ಕ ಅವಧಿಗೆ ಮಿಂಚಿಸಿದರೆ, ಆ ಮಿಂಚಿನಷ್ಟು ಹೊತ್ತಿನದು ಮಾತ್ರ ಚಿತ್ರದಲ್ಲಿ ಉಳಿಯುತ್ತದೆ. ಚಿಮ್ಮುವ ಹಾಲಿನ ಹನಿ, ಸೇಬನ್ನು ತೂರಿಹೋಗುವ ಗುಂಡು ಎಲ್ಲವೂ ಹೀಗೇ ಸೆರೆಯಾದವು. ಇಂದಿನ ಚಿಕ್ಕ ಫ್ಲ್ಯಾಶನ್ನು ಕಡಿಮೆ ಶಕ್ತಿಗೆ ಇಳಿಸಿದರೆ ಸೆಕೆಂಡಿನ ಹತ್ತು ಸಾವಿರದ ಒಂದು ಪಾಲಿನಷ್ಟು ಚಿಕ್ಕ ಮಿಂಚು ಸಿಗುತ್ತದೆ. ಗಂಟೆಗೆ ನೂರು ಕಿ.ಮೀ. ವೇಗದಲ್ಲಿ ಬೀಸಿದ ಬ್ಯಾಟಿನ ತುದಿ ಅಷ್ಟು ಹೊತ್ತಿನಲ್ಲಿ ಮೂರು ಮಿಲಿಮೀಟರ್ ಕೂಡ ಸಾಗುವುದಿಲ್ಲ. ಶಕ್ತಿ ಹೆಚ್ಚಿಸಿದರೆ ಇಂಥ ಫ್ಲ್ಯಾಶಿನ ಮಿಂಚು ಉದ್ದವಾಗುತ್ತದೆ. ಹಾಗಾಗಿ ಒಂದು ದೊಡ್ಡ ಫ್ಲ್ಯಾಶಿನ ಬದಲು ಕಡಿಮೆ ಶಕ್ತಿಯ ನಾಲ್ಕಾರು ಫ್ಲ್ಯಾಶುಗಳನ್ನು ಒಟ್ಟಿಗೆ ಕಟ್ಟುತ್ತಾರೆ. ಬ್ಯಾಟಿನ ಅಂಚಿನಲ್ಲಿ ಮಂಜಿನಂಥ ಬಿಳಿ ನೆರಳು ಎದ್ದರೆ ಮಿಂಚಿನ ಬಾಲ ಇನ್ನೂ ಉದ್ದವಿದೆ ಎಂದೇ ಅರ್ಥ. ಶಕ್ತಿಯನ್ನು ಇನ್ನೊಂದು ಹಂತ ಇಳಿಸಬೇಕು.

ಬಲಗೈ ದಾಂಡಿಗನ ಒಂದು ಕವರ್ ಡ್ರೈವನ್ನೇ ಹಂತಹಂತವಾಗಿ ಕಟ್ಟಿ ನೋಡೋಣ. ಬ್ಯಾಟು ಮೀರತ್ತಿನದು ಎಂದಿಟ್ಟುಕೊಳ್ಳಿ. ದೇಶವಿಭಜನೆಯ ಕಾಲಕ್ಕೆ ಸಿಯಾಲ್‌ಕೋಟಿನಿಂದ ಬಂದ ಕುಶಲಕರ್ಮಿಗಳಿಂದ ಮೀರತ್ ಮತ್ತು ಜಲಂಧರ್ ಕ್ರೀಡಾ ಸಾಮಗ್ರಿಯ ಊರುಗಳಾಗಿ ಬೆಳೆದವು. ನಮ್ಮ ಅಂಗಡಿಗಳಿಗೆ ಬರುವ ಬ್ಯಾಟುಗಳಲ್ಲಿ ಬಹಳಷ್ಟು ಅಲ್ಲಿಯವೇ.

ಕೆಲಸ ಶುರುವಾಗುವುದು ಆಟಗಾರನಿಂದಲ್ಲ, ಹುಲ್ಲಿನಿಂದ. ಆಟಗಾರನನ್ನು ಕತ್ತಲ ಸ್ಟುಡಿಯೋದಲ್ಲಿ, ಮೈದಾನವನ್ನು ಮೈದಾನದಲ್ಲೇ ತೆಗೆದು ಎರಡನ್ನೂ ಆಮೇಲೆ ಕೂಡಿಸಬೇಕು. ಸ್ಟುಡಿಯೋದ ದೀಪವನ್ನು ಬೇಕಾದಲ್ಲಿಗೆ ಸರಿಸಬಹುದು, ಸೂರ್ಯನನ್ನು ಸರಿಸಲಾಗುವುದಿಲ್ಲ. ಹಾಗಾಗಿ ಸೂರ್ಯನಿಗೇ ಮೊದಲ ಸರದಿ.

ನಮ್ಮ ಬಹಳಷ್ಟು ಮೈದಾನಗಳಲ್ಲಿ ಇರುವುದು ಬರ್ಮುಡಾ ಹುಲ್ಲು, ಅಂದರೆ ಗಣಪತಿಗೆ ಏರಿಸುವ ಗರಿಕೆಯ ಜಾತಿಯೇ. ಚಿಕ್ಕ ಎಸಳು, ನೆಲಕ್ಕೆ ಅಂಟಿ ಹರಿಯುವ ಬಳ್ಳಿ, ಬಳ್ಳಿಯ ಮೇಲೆ ಗೆಣ್ಣು. ಮಧ್ಯಾಹ್ನ ಬಿಸಿಲು ನೆತ್ತಿಯ ಮೇಲಿದ್ದಾಗ ಪ್ರತಿ ಎಸಳಿನ ನೆರಳು ಅದರ ಬುಡದಲ್ಲೇ ಬೀಳುತ್ತದೆ, ಹುಲ್ಲು ಹಸಿರು ಬಣ್ಣ ಬಳಿದ ಸಿಮೆಂಟಿನಂತಾಗುತ್ತದೆ. ಸೂರ್ಯ ಹುಟ್ಟಿದ ಮೊದಲ ಒಂದೂವರೆ ಗಂಟೆಯಲ್ಲಿ ಬೆಳಕು ನೆಲವನ್ನು ಸವರಿಕೊಂಡು ಬರುತ್ತದೆ. ಪ್ರತಿ ಎಸಳಿನ ಒಂದು ಬದಿ ಬೆಳಗಿ ಇನ್ನೊಂದು ಬದಿ ಕಪ್ಪಾಗುತ್ತದೆ. ಬೆಳಕು ಸ್ವಲ್ಪ ಹಿಂದಿನಿಂದ ಬಂದರೆ ಎಸಳನ್ನೇ ತೂರಿ ಬಂದು ಎಳೆ ಹಸಿರಾಗಿ ಹೊಳೆಯುತ್ತದೆ. ಹುಲ್ಲಿನ ಮೈ ಎನ್ನುವುದು ಈ ಬೆಳಕು ನೆರಳಿನ ವ್ಯತ್ಯಾಸವೇ ಹೊರತು ಕಂಪ್ಯೂಟರಿನಲ್ಲಿ ಹರಿತ ಮಾಡಿದಷ್ಟಕ್ಕೆ ಬರುವಂಥದ್ದಲ್ಲ.

ಮೈದಾನದಲ್ಲಿ ಕಾಣುವ ತಿಳಿ ಹಸಿರು, ಗಾಢ ಹಸಿರಿನ ಪಟ್ಟೆಗಳು ಎರಡು ಬಗೆಯ ಹುಲ್ಲು ಎಂದು ತಿಳಿದವರಿದ್ದಾರೆ. ಹುಲ್ಲು ಒಂದೇ. ಕತ್ತರಿಸುವ ಯಂತ್ರದ ರೋಲರ್ ಒಂದು ಸಾಲಿನಲ್ಲಿ ಎಸಳನ್ನು ಅತ್ತ ಬಾಗಿಸುತ್ತದೆ, ಮುಂದಿನ ಸಾಲಿನಲ್ಲಿ ಇತ್ತ. ನಮ್ಮಿಂದ ಆಚೆಗೆ ಬಾಗಿದ ಎಸಳು ತನ್ನ ಅಗಲದ ಮೈಯಿಂದ ಬೆಳಕನ್ನು ನಮ್ಮತ್ತ ಕಳಿಸುತ್ತದೆ, ತಿಳಿಯಾಗಿ ಕಾಣುತ್ತದೆ. ನಮ್ಮ ಕಡೆಗೆ ಬಾಗಿದ್ದರೆ ತುದಿ ಮತ್ತು ನೆರಳೇ ಹೆಚ್ಚು ಕಾಣುತ್ತದೆ, ಗಾಢವೆನಿಸುತ್ತದೆ. ಆದ್ದರಿಂದ ಕ್ಯಾಮೆರಾ ಮೈದಾನದ ಎದುರು ಬದಿಗೆ ಹೋದರೆ ಪಟ್ಟೆಗಳು ಅದಲುಬದಲಾಗುತ್ತವೆ. ಬೇರೆಡೆ ತೆಗೆದ ಹುಲ್ಲಿನ ತುಂಡನ್ನು ತಂದು ಅಂಟಿಸಿದ ಚಿತ್ರಗಳು ಸಿಕ್ಕಿಬೀಳುವುದು ಇಲ್ಲೇ.

ಕ್ಯಾಮೆರಾವನ್ನು ಮೊಣಕಾಲಿಗಿಂತ ಕೆಳಗೆ, ನೆಲದಿಂದ ಒಂದಡಿ ಎತ್ತರದಲ್ಲಿ ಇಡಬೇಕು. ಆಗ ಮುಂದೆ ಹುಲ್ಲಿನ ಹಾಸು, ಅದರಾಚೆ ಕಂದು ಬಣ್ಣದ ಪಿಚ್, ಬಿಳಿ ಸುಣ್ಣದ ಕ್ರೀಸು, ಹಿಂದೆ ಮಸುಕಾದ ಹಸಿರು ಸಾಲಾಗಿ ಬರುತ್ತವೆ. ದಾಂಡಿಗ ನಿಲ್ಲಬೇಕಾದದ್ದು ಆ ಕಂದು ಪಟ್ಟಿಯ ಮೇಲೆ. ಕಣಕಾಲು ಮುಚ್ಚುವ ದಟ್ಟ ಹುಲ್ಲಿನಲ್ಲಿ ನಿಂತು ಡ್ರೈವ್ ಮಾಡುವ ರೂಪದರ್ಶಿಗಳನ್ನು ಜಾಹೀರಾತುಗಳಲ್ಲಿ ಕಂಡಾಗಲೆಲ್ಲ ನನಗೆ ಕಸಿವಿಸಿಯಾಗುತ್ತದೆ. ಅಂಥ ಜಾಗದಲ್ಲಿ ಯಾರೂ ಬ್ಯಾಟು ಬೀಸುವುದಿಲ್ಲ, ಚೆಂಡು ಪುಟಿಯುವುದೂ ಇಲ್ಲ. ಇಬ್ಬನಿ ಇರುವಾಗ ಚೌಕಟ್ಟಿಗೆ ಬರುವ ಹುಲ್ಲಿನ ಮೇಲೆ ಯಾರನ್ನೂ ನಡೆಯಲು ಬಿಡಬಾರದು. ಹೆಜ್ಜೆ ಬಿದ್ದಲ್ಲಿ ಇಬ್ಬನಿ ಅಳಿಸಿ ಕಪ್ಪು ಜಾಡು ಉಳಿಯುತ್ತದೆ.

ಚಿತ್ರ ತೆಗೆದ ಕೂಡಲೇ ಮಾಡಬೇಕಾದ, ಎಷ್ಟೋ ಜನ ಮರೆಯುವ ಕೆಲಸ ಒಂದಿದೆ. ದಾಂಡಿಗ ನಿಲ್ಲುವ ಜಾಗದಲ್ಲಿ ಒಂದು ಸ್ಟಂಪನ್ನು ನೇರವಾಗಿ ನೆಟ್ಟು ಅದರ ನೆರಳು ಅಳೆಯಬೇಕು. ಸ್ಟಂಪಿನ ಎತ್ತರ 71 ಸೆಂಟಿಮೀಟರ್. ನೆರಳು 1.4 ಮೀಟರ್ ಬಿದ್ದರೆ ಸೂರ್ಯ ನೆಲದಿಂದ ಸುಮಾರು 27 ಡಿಗ್ರಿ ಮೇಲಿದ್ದಾನೆ. ನೆರಳು ಯಾವ ದಿಕ್ಕಿಗೆ ಬಿತ್ತು, ಕ್ಯಾಮೆರಾ ಎಷ್ಟು ದೂರದಲ್ಲಿ ಎಷ್ಟು ಎತ್ತರದಲ್ಲಿತ್ತು, ಲೆನ್ಸ್ ಯಾವುದು, ಎಲ್ಲವನ್ನೂ ಬರೆದುಕೊಳ್ಳಬೇಕು. ಸ್ಟುಡಿಯೋದಲ್ಲಿ ಅದೇ ಸ್ಟಂಪನ್ನು ನಿಲ್ಲಿಸಿ, ನೆರಳು ಅಷ್ಟೇ ಉದ್ದ, ಅದೇ ದಿಕ್ಕಿಗೆ ಬೀಳುವವರೆಗೆ ಮುಖ್ಯ ದೀಪವನ್ನು ಸರಿಸಬೇಕು. ದೀಪವನ್ನು ಆದಷ್ಟು ದೂರವಿಟ್ಟರೆ ಒಳ್ಳೆಯದು. ಹತ್ತಿರದ ದೀಪದ ನೆರಳು ಹೋಗಹೋಗುತ್ತ ಅಗಲವಾಗುತ್ತದೆ, ಸೂರ್ಯನ ನೆರಳು ಹಾಗಾಗುವುದಿಲ್ಲ.

ಇನ್ನು ಹೊಡೆತ. ಸ್ಟುಡಿಯೋದಲ್ಲಿ ಬೌಲರ್ ಇರುವುದಿಲ್ಲ. ಹಳ್ಳಿ ಪಟ್ಟಣಗಳ ಹುಡುಗರು ಕಾಲುಚೀಲದಲ್ಲಿ ಚೆಂಡು ಹಾಕಿ ಮಾವಿನ ಕೊಂಬೆಗೆ ಕಟ್ಟಿ ಡ್ರೈವ್ ಅಭ್ಯಾಸ ಮಾಡುತ್ತಾರಲ್ಲ, ಅದೇ ಉಪಾಯ ಇಲ್ಲೂ ನಡೆಯುತ್ತದೆ. ಹೊಸ ಚೆಂಡನ್ನು ಸುಲಭವಾಗಿ ತುಂಡಾಗುವ ತೆಳ್ಳನೆಯ ನೂಲಿನಲ್ಲಿ ತೂಗುಬಿಡುತ್ತಾರೆ. ಚೆಂಡು ಒಂದೇ ಕಡೆ ಇರುವುದರಿಂದ ಕ್ಯಾಮೆರಾದ ಫೋಕಸ್ ಅಲ್ಲಿಗೇ ಕೂರುತ್ತದೆ, ಮಂದ ಬೆಳಕಿನಲ್ಲೂ ದಾಂಡಿಗನಿಗೆ ಅದನ್ನು ಹೊಡೆಯಲು ಸಾಧ್ಯವಾಗುತ್ತದೆ. ಸುತ್ತ ಬಲೆ ಕಟ್ಟಿರಬೇಕು. ಕ್ಯಾಮೆರಾ ಕವರಿನ ನೇರದಲ್ಲಿ ಇರಬಾರದು, ಪಾಯಿಂಟ್ ಕಡೆಗೆ ಸರಿದಿರಬೇಕು. ಚೆಂಡು ಲೆನ್ಸಿಗೆ ಬಡಿಯುವುದು ತಪ್ಪುತ್ತದೆ ಎಂಬುದು ಒಂದು ಕಾರಣ. ಬ್ಯಾಟಿನ ಮುಖದ ಜೊತೆಗೆ ಅಂಚಿನ ದಪ್ಪವೂ ಕಾಣುತ್ತದೆ ಎಂಬುದು ಇನ್ನೊಂದು. 2017ರಿಂದ ನಿಯಮ ಅಂಚನ್ನು ನಾಲ್ಕು ಸೆಂಟಿಮೀಟರಿಗೆ ಮಿತಿಗೊಳಿಸಿದೆ. ಆ ಮಿತಿಯವರೆಗೆ ದಪ್ಪ ಅಂಚು ಕೊಟ್ಟ ತಯಾರಕ ಅದನ್ನು ತೋರಿಸದೆ ಬಿಡುತ್ತಾನೆಯೇ?

ಫ್ಲ್ಯಾಶನ್ನು ಮಿಂಚಿಸುವುದು ಮನುಷ್ಯನ ಬೆರಳಲ್ಲ, ಹೊಡೆತದ ಸದ್ದು. ಒಂದು ಚಿಕ್ಕ ಮೈಕ್ ಆ ಸದ್ದು ಕೇಳಿದ ಕೂಡಲೇ ಫ್ಲ್ಯಾಶಿಗೆ ಸೂಚನೆ ಕಳಿಸುತ್ತದೆ. ಎಡ್ಜರ್ಟನ್ ಕೂಡ ಗುಂಡಿನ ಚಿತ್ರಗಳಿಗೆ ಮೈಕನ್ನೇ ಬಳಸಿದ್ದರು. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ. ಮೈಕ್ ಒಂದು ಮೀಟರ್ ದೂರದಲ್ಲಿದ್ದರೆ ಸದ್ದು ಅಲ್ಲಿಗೆ ತಲುಪುವಷ್ಟರಲ್ಲಿ ಸೆಕೆಂಡಿನ ಸಾವಿರದ ಮೂರು ಪಾಲು ಕಳೆದಿರುತ್ತದೆ. ಚೆಂಡು ಆಗಲೇ ಬ್ಯಾಟನ್ನು ಬಿಟ್ಟಿದೆ. ಬ್ಯಾಟೂ ಅದರ ಹಿಂದೆಯೇ ಬರುತ್ತಿರುವುದರಿಂದ ಎರಡರ ನಡುವೆ ಒಂದೆರಡು ಬೆರಳಿನಷ್ಟೇ ಅಂತರ. ಮೈಕನ್ನು ಒಂದಡಿಯಷ್ಟು ಹತ್ತಿರಕ್ಕೆ ತಂದರೆ ಚೆಂಡು ಇನ್ನೂ ಬ್ಯಾಟಿಗೆ ಅಂಟಿಕೊಂಡಂತಿರುತ್ತದೆ. ದೂರ ಸರಿಸಿದಷ್ಟೂ ಅಂತರ ಹೆಚ್ಚುತ್ತದೆ. ಯಾವ ಗಳಿಗೆ ಬೇಕೋ ಅದನ್ನು ಅಳತೆ ಪಟ್ಟಿ ಹಿಡಿದು ಆರಿಸಿಕೊಳ್ಳಬಹುದು ಎಂಬುದು ಈ ವಿಧಾನದ ಸೊಗಸು. ಶಟರ್ ಅರ್ಧ ಸೆಕೆಂಡು ತೆರೆದಿರುತ್ತದೆ, ಒಳಗೆ ಮಂದ ದೀಪ, ದಾಂಡಿಗ ಬೀಸುತ್ತಾನೆ, ಸದ್ದು, ಮಿಂಚು. ಕಡಿದ ನೂಲನ್ನು ಆಮೇಲೆ ಚಿತ್ರದಿಂದ ಅಳಿಸುತ್ತಾರೆ.

ಇಷ್ಟೆಲ್ಲ ಮಾಡಿಯೂ ಕೈ ಹಿಡಿತ ತಪ್ಪಿದರೆ ಚಿತ್ರ ಬಿದ್ದುಹೋಗುತ್ತದೆ. ವಿಶ್ವನಾಥರ ಸ್ಕ್ವೇರ್ ಕಟ್, ದ್ರಾವಿಡರ ಕವರ್ ಡ್ರೈವ್ ನೋಡಿ ಬೆಳೆದ ಕಣ್ಣುಗಳಿಗೆ ಕ್ಯಾಮೆರಾ ಲೆಕ್ಕ ಗೊತ್ತಿಲ್ಲದಿದ್ದರೂ ಬ್ಯಾಟು ಹಿಡಿಯಲು ಬಾರದವನು ಯಾರೆಂದು ತಕ್ಷಣ ತಿಳಿಯುತ್ತದೆ. ಹಿಡಿತ ಕಲಿಸುವಾಗ ಕೋಚ್‌ಗಳು ಬ್ಯಾಟನ್ನು ಮುಖ ಕೆಳಗೆ ಮಾಡಿ ನೆಲದ ಮೇಲಿಟ್ಟು, ಕೊಡಲಿ ಎತ್ತುವ ಹಾಗೆ ಎರಡೂ ಕೈಯಿಂದ ಎತ್ತು ಅನ್ನುತ್ತಾರೆ. ಹಾಗೆ ಎತ್ತಿದಾಗ ಹೆಬ್ಬೆರಳು ತೋರುಬೆರಳುಗಳ ನಡುವೆ ಇಂಗ್ಲಿಷಿನ ವಿ ಆಕಾರ ಮೂಡುತ್ತದೆ. ಎರಡೂ ಕೈಗಳ ವಿ ಒಂದೇ ಗೆರೆಯಲ್ಲಿರಬೇಕು, ಆ ಗೆರೆ ಬ್ಯಾಟಿನ ಬೆನ್ನೆಲುಬಿಗೂ ಹೊರ ಅಂಚಿಗೂ ನಡುವೆ ಇಳಿಯಬೇಕು. ಬಲಗೈ ಆಟಗಾರನಿಗೆ ಎಡಗೈ ಮೇಲೆ, ಬಲಗೈ ಕೆಳಗೆ, ನಡುವೆ ಜಾಗ ಬಿಡುವಂತಿಲ್ಲ. ಡ್ರೈವಿನಲ್ಲಿ ಮೇಲಿನ ಕೈ ಬಿಗಿಯಾಗಿರುತ್ತದೆ, ಕೆಳಗಿನ ಕೈಯ ಹೆಬ್ಬೆರಳು ತೋರುಬೆರಳು ಹಗುರವಾಗಿ ಹಿಡಿದಿರುತ್ತವೆ. ರೂಪದರ್ಶಿಗಳು ತಪ್ಪುವುದು ಇಲ್ಲೇ. ಶಕ್ತಿ ತೋರಿಸಲು ಹೋಗಿ ಕೆಳಗಿನ ಮುಷ್ಟಿ ಬಿಗಿಯುತ್ತಾರೆ, ಎಡ ಮೊಣಕೈ ಕುಸಿಯುತ್ತದೆ, ಬ್ಯಾಟಿನ ಮುಖ ಲೆಗ್ ಕಡೆಗೆ ತಿರುಗುತ್ತದೆ. ಸರಿಯಾದ ಡ್ರೈವಿನಲ್ಲಿ ಎಡ ಮೊಣಕೈ ಎತ್ತರದಲ್ಲಿರುತ್ತದೆ, ತಲೆ ಮುಂಗಾಲಿನ ಮೊಣಕಾಲ ಮೇಲಿರುತ್ತದೆ, ಮೊಣಕಾಲು ಬಾಗಿರುತ್ತದೆ, ಹಿಂಗಾಲಿನ ಹಿಮ್ಮಡಿ ಎದ್ದಿರುತ್ತದೆ, ಎರಡೂ ಕಣ್ಣು ಒಂದೇ ಮಟ್ಟದಲ್ಲಿ ಚೆಂಡನ್ನು ನೋಡುತ್ತಿರುತ್ತವೆ. ಕ್ಯಾಮೆರಾ ನೋಡಿ ನಗುವ ಮುಖ ಅಲ್ಲಿ ಸಲ್ಲದು.

ಆದ್ದರಿಂದ ಮುಖ ಚೆನ್ನಾಗಿರುವ ರೂಪದರ್ಶಿಗಿಂತ ಲೀಗ್ ಆಡುವ ಹುಡುಗನೇ ಮೇಲು. ಭಂಗಿ ಕಲಿಸುವ ಕೆಲಸ ಉಳಿಯುತ್ತದೆ. ಬ್ಯಾಟು ಕೈಗೆ ಕೊಟ್ಟರೆ ದೇಹ ತಾನೇ ಸರಿಯಾಗಿ ನಿಲ್ಲುತ್ತದೆ.

ವಿನ್ಯಾಸಕಾರರು ಮಾಡುವ ಇನ್ನೊಂದು ತಪ್ಪು, ಪುಟಕ್ಕೆ ಹೊಂದಲಿ ಎಂದು ಚಿತ್ರವನ್ನು ಎಡಬಲ ಮಗುಚುವುದು. ಬಲಗೈಯವನು ಎಡಗೈಯವನಾಗುತ್ತಾನೆ. ಉಲ್ಟಾ ಆದ ಅಕ್ಷರಗಳನ್ನು ಸರಿಪಡಿಸಬಹುದು, ಅಂಗಿಯ ಗುಂಡಿಪಟ್ಟಿಯನ್ನು ಮರೆಯುತ್ತಾರೆ. ಅದು ತಪ್ಪು ಬದಿಗೆ ಮುಚ್ಚಿಕೊಂಡಿರುತ್ತದೆ. ಹೆಲ್ಮೆಟ್ಟಿನ ವಿಷಯದಲ್ಲಂತೂ ಇದಕ್ಕಿಂತ ಹೆಚ್ಚು ಎಚ್ಚರ ಬೇಕು. ಮುಖ ಚೆನ್ನಾಗಿ ಕಾಣಲಿ ಎಂದು ಗ್ರಿಲ್ಲನ್ನು ಸರಿಸುವುದು, ಹೆಲ್ಮೆಟ್ಟನ್ನೇ ತೆಗೆಸಿ ಗಟ್ಟಿ ಚೆಂಡಿಗೆ ಬ್ಯಾಟು ಬೀಸಿಸುವುದು ನಡೆಯುತ್ತಿದೆ. ಗ್ರಿಲ್ಲಿಗೂ ಮುಂಚಾಚಿಗೂ ನಡುವಿನ ಕಿಂಡಿಯಲ್ಲಿ ಚೆಂಡು ತೂರಿ ಮುಖಕ್ಕೆ ಬಡಿಯಬಾರದು ಎಂಬ ಕಾರಣಕ್ಕೇ ಬಿಎಸ್ 7928:2013 ಎಂಬ ಬ್ರಿಟಿಷ್ ಮಾನದಂಡ ಬಂತು. ಜಾಹೀರಾತು ನೋಡಿ ಮಕ್ಕಳು ಹಾಗೇ ತೊಡುತ್ತಾರೆ. ಅಂಥ ಚಿತ್ರವನ್ನು ಯಾವ ಕಾರಣಕ್ಕೂ ಅಚ್ಚು ಹಾಕಬಾರದು.

ಎರಡೂ ಚಿತ್ರ ಕೂಡಿದ ಮೇಲೆ ಮೊದಲು ನೋಡಬೇಕಾದದ್ದು ಶೂಗಳ ಕೆಳಗೆ. ನೆಲಕ್ಕೆ ಶೂ ತಾಗುವಲ್ಲಿ ಕಡುಗಪ್ಪಾದ ಕಿರಿದಾದ ನೆರಳು ಇಲ್ಲದಿದ್ದರೆ ದಾಂಡಿಗ ನೆಲದಿಂದ ಒಂದು ಬೆರಳು ಮೇಲೆ ತೇಲುತ್ತಾನೆ. ಆಮೇಲೆ ಪ್ಯಾಡ್ ನೋಡಬೇಕು. ನಿಜವಾದ ಮೈದಾನದಲ್ಲಿ ಬಿಳಿ ಪ್ಯಾಡಿನ ಕೆಳಭಾಗಕ್ಕೆ ಹುಲ್ಲಿನ ಹಸಿರು ಛಾಯೆ ತುಸು ಬಡಿದಿರುತ್ತದೆ. ಸ್ಟುಡಿಯೋದಲ್ಲಿ ಅದು ಇರುವುದಿಲ್ಲ. ಹಸಿರು ಬಟ್ಟೆಯೊಂದನ್ನು ಕಾಲ ಮುಂದೆ ಹಾಸಿಟ್ಟು ತೆಗೆದರೆ ಆ ಛಾಯೆ ತಾನಾಗಿ ಬರುತ್ತದೆ, ಹುಲ್ಲೂ ಮನುಷ್ಯನೂ ಒಂದೇ ಲೋಕಕ್ಕೆ ಸೇರುತ್ತಾರೆ.

ಕೊನೆಯದು ಮರದ ಬಣ್ಣ. ಇಲ್ಲಿ ನನ್ನ ಮಾತು ಸ್ವಲ್ಪ ಕಠಿಣವಾಗಿಯೇ ಇದೆ. ಇಂಗ್ಲಿಷ್ ವಿಲೋ ತಿಳಿ ಕೆನೆ ಬಣ್ಣದ್ದು, ಕಾಶ್ಮೀರಿ ವಿಲೋ ಅದಕ್ಕಿಂತ ಕಂದು. ಬೆಲೆಯಲ್ಲಿ ಎರಡಕ್ಕೂ ಎಷ್ಟೋ ಪಟ್ಟು ವ್ಯತ್ಯಾಸ. ಬೆಳಗಿನ ಬಿಸಿಲಿನ ಹೊಂಬಣ್ಣ ಹೆಚ್ಚಾದರೆ ಇಂಗ್ಲಿಷ್ ವಿಲೋ ಕಾಶ್ಮೀರಿಯಂತೆ ಕಾಣುತ್ತದೆ. ತಯಾರಕನಿಗೆ ನಷ್ಟ. ಅದೇ ಕಾಶ್ಮೀರಿ ಬ್ಯಾಟನ್ನು ಕಂಪ್ಯೂಟರಿನಲ್ಲಿ ಬಿಳುಪಾಗಿಸಿ, ಮುಖದ ಮೇಲಿನ ಗೆರೆಗಳನ್ನು ನೇರವಾಗಿಸಿ, ಗಂಟು ಕಲೆಗಳನ್ನು ಅಳಿಸಿದರೆ ನಷ್ಟ ಕೊಳ್ಳುವವನಿಗೆ. ಇದನ್ನು ತಪ್ಪಿಸಲು ಬ್ಯಾಟಿನ ಪಕ್ಕದಲ್ಲಿ ಬೂದು ಬಣ್ಣದ ಕಾರ್ಡ್ ಹಿಡಿದು ಒಂದು ಚಿತ್ರ ತೆಗೆದಿಟ್ಟು, ಬಣ್ಣವನ್ನು ಅದಕ್ಕೇ ಹೊಂದಿಸಬೇಕು. ನೂಲು ಅಳಿಸುವುದು, ಮೈದಾನ ಸೇರಿಸುವುದು ಚಿತ್ರ ಕಟ್ಟುವ ಕೆಲಸ. ಮರದ ಗೆರೆ ಮುಟ್ಟಿದರೆ ಅದು ಸರಕಿನ ಬಗ್ಗೆ ಹೇಳುವ ಸುಳ್ಳು.

ಬ್ಯಾಟು ಕೊಳ್ಳುವವರು ಚಿತ್ರ ಎಷ್ಟೇ ಚೆಂದವಿದ್ದರೂ ಬ್ಯಾಟನ್ನು ಅಂಗಡಿಯ ದೀಪದಿಂದ ಹೊರಗೆ ಬಿಸಿಲಿಗೆ ತಂದು ಮುಖದ ಗೆರೆ, ಬಣ್ಣ ನೋಡಿ. ಜಾಹೀರಾತಿನಲ್ಲಿ ಕಂಡದ್ದಕ್ಕೂ ಕೈಗೆ ಬಂದದ್ದಕ್ಕೂ ತಾಳೆಯಾಗದಿದ್ದರೆ ಬಿಲ್ಲು ಮತ್ತು ಆ ಜಾಹೀರಾತನ್ನು ಇಟ್ಟುಕೊಂಡು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ದಾರಿತಪ್ಪಿಸುವ ಜಾಹೀರಾತಿಗೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಮೊದಲ ಬಾರಿಗೆ 10 ಲಕ್ಷ ರೂಪಾಯಿವರೆಗೆ, ಮತ್ತೆ ತಪ್ಪಿದರೆ 50 ಲಕ್ಷದವರೆಗೆ ದಂಡ ಹಾಕಬಹುದು.